ಮ್ಯಾನೇಜರ್ ಹುಟ್ಟುಹಬ್ಬಕ್ಕೆ ಬರೆಯುವ ನಾಲ್ಕು ಸಾಲು

ಮ್ಯಾನೇಜರ್ ಹುಟ್ಟುಹಬ್ಬದ ದಿನ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಏನೇನು ಬರುತ್ತದೆ ಅಂತ ಹಿಂದಿನ ರಾತ್ರಿಯೇ ಹೇಳಿಬಿಡಬಹುದು. ಮೊದಲು ಒಬ್ಬರು ಗುಲಾಬಿ ಹೂವಿನ ಚಿತ್ರ ಹಾಕುತ್ತಾರೆ. ಅದರ ಕೆಳಗೆ ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು ಸರ್’ ಅಂತ ಸಾಲುಸಾಲಾಗಿ ಬೀಳುತ್ತದೆ. ಮೇಲಿನವರು ಹಾಕಿದ್ದನ್ನೇ ಕೆಳಗಿನವರು ಹಾಕುತ್ತಾರೆ. ಸಂಜೆ ಹೊತ್ತಿಗೆ ‘ಎಲ್ಲರಿಗೂ ಧನ್ಯವಾದ’ ಅಂತ ಒಂದು ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಜವಾಗಿ ಗೌರವ ಇರುವ ಒಬ್ಬ ಮೇಲಧಿಕಾರಿಗೆ, ನಾಲ್ಕು ಒಳ್ಳೆಯ ಮಾತು ಹೇಳಬೇಕು ಅಂತ ಮನಸ್ಸಿರುವವರಿಗೆ ಈ ಸಾಲು ಸಾಕಾಗುವುದಿಲ್ಲ. ಸಾಕಾಗದೆ ಇನ್ನೇನೋ ಬರೆಯಲು ಹೊರಟರೆ ಕೈ ತಡೆಯುತ್ತದೆ. ಜಾಸ್ತಿ ಬರೆದರೆ ಬೆಣ್ಣೆ ಹಚ್ಚಿದ ಹಾಗೆ ಕಾಣುತ್ತದೆ, ಸಲುಗೆಯಿಂದ ಬರೆದರೆ ಅತಿಯಾಯಿತು ಅನಿಸುತ್ತದೆ, ಕಡಿಮೆ ಬರೆದರೆ ಗುಲಾಬಿ ಹೂವಿನ ಪಕ್ಕದಲ್ಲೇ ಅದೂ ಕಳೆದುಹೋಗುತ್ತದೆ. ಈ ತಡೆ ಎಲ್ಲಿಂದ ಬರುತ್ತದೆ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಉಡುಪಿಯ ಒಂದು ಸಹಕಾರಿ ಸಂಘದ ಶಾಖೆಯಲ್ಲಿ ಕೆಲಸ ಮಾಡುವ ನನಗೆ ಅದಕ್ಕೊಂದು ಉತ್ತರ ಸಿಕ್ಕಿದ್ದು ನಮ್ಮ ಕ್ಯಾಶ್ ಕೌಂಟರಿನ ಹುಡುಗಿ ತನ್ನ ಕರಡು ತಂದು ತೋರಿಸಿದಾಗ.

ಕೌಂಟರಿನ ಹುಡುಗಿ ಬರೆದದ್ದು

ಆಗ ನಮ್ಮ ಶಾಖೆಗೆ ಮ್ಯಾನೇಜರ್ ಆಗಿದ್ದವರು ಕುಂದಾಪುರದ ಕಡೆಯ ಒಬ್ಬರು ಮೇಡಂ. ಮಾತು ಕಡಿಮೆ, ಕೆಲಸ ಕಟ್ಟುನಿಟ್ಟು. ಹುಡುಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮೇಡಂ ಮೇಲೆ ಅವಳಿಗೆ ತುಂಬ ಅಭಿಮಾನ. ಅವಳು ಬರೆದುಕೊಂಡು ಬಂದದ್ದು ಹೀಗಿತ್ತು: ‘ಪ್ರೀತಿಯ ಮೇಡಂ, ತಮಗೆ ಜನ್ಮದಿನದ ಹಾರ್ದಿಕ ಶುಭಾಶಯಗಳು. ತಾವು ನಮಗೆಲ್ಲ ಸ್ಫೂರ್ತಿಯ ಚಿಲುಮೆ. ತಮ್ಮಂಥ ಮಹಾನ್ ನಾಯಕಿಯ ಜೊತೆ ಕೆಲಸ ಮಾಡುವುದು ನನ್ನ ಪುಣ್ಯ. ನೀವು ನನಗೆ ಅಮ್ಮನ ಹಾಗೆ. ನೂರು ವರ್ಷ ಸುಖವಾಗಿ ಬಾಳಿ. ನಿಮ್ಮ ಆಶೀರ್ವಾದ ಮತ್ತು ಸಹಕಾರ ಸದಾ ನನ್ನ ಮೇಲಿರಲಿ.’

ಓದಿ ನೋಡಿ. ಒಂದೊಂದು ಸಾಲೂ ಬಿಡಿಬಿಡಿಯಾಗಿ ಒಳ್ಳೆಯದೇ. ಬರೆದವಳ ಮನಸ್ಸೂ ಶುದ್ಧ, ಅದರಲ್ಲಿ ನನಗೆ ಸಂಶಯ ಇರಲಿಲ್ಲ. ಆದರೂ ಒಟ್ಟಾಗಿ ಓದಿದರೆ ಇದು ಯಾರು ಯಾರಿಗೆ ಬೇಕಾದರೂ ಬರೆಯಬಹುದಾದ ಪತ್ರ. ಹೆಸರು ಅಳಿಸಿ ಇನ್ನೊಂದು ಶಾಖೆಯ ಮ್ಯಾನೇಜರಿಗೆ ಕಳಿಸಿದರೂ ನಡೆಯುತ್ತದೆ. ಅಭಿಮಾನ ಅಷ್ಟಿದ್ದೂ ಅದು ಒಂದು ಸಾಲಿನಲ್ಲೂ ಕಾಣುವುದಿಲ್ಲ. ನಾನು ಅವಳಿಗೆ ಕೇಳಿದ್ದು ಒಂದೇ ಪ್ರಶ್ನೆ. ‘ಮೇಡಂ ಬಗ್ಗೆ ನಿನಗೆ ಒಳ್ಳೆಯ ಭಾವನೆ ಬಂದದ್ದು ಯಾವ ದಿನ?’

ಅವಳು ಯೋಚನೆಯೇ ಮಾಡಲಿಲ್ಲ. ‘ಕ್ಯಾಶ್ ಟ್ಯಾಲಿ ಆಗದ ದಿನ’ ಅಂದಳು.

ಆ ಸಂಜೆ ನಾನೂ ಶಾಖೆಯಲ್ಲೇ ಇದ್ದೆ. ಕೌಂಟರ್ ಮುಚ್ಚಿ ಲೆಕ್ಕ ನೋಡಿದರೆ ಕಂಪ್ಯೂಟರಿನಲ್ಲಿ ಇರಬೇಕಾದ್ದಕ್ಕಿಂತ ಕೈಯಲ್ಲಿರುವ ದುಡ್ಡು 40,500 ರೂಪಾಯಿ ಕಡಿಮೆ. ಹುಡುಗಿಯ ಮುಖ ಬಿಳುಚಿಹೋಗಿತ್ತು. ಕ್ಯಾಶ್ ಕಡಿಮೆ ಬಂದರೆ ಕ್ಯಾಷಿಯರ್ ಕೈಯಿಂದ ಕಟ್ಟಬೇಕು, ಅದು ಎಲ್ಲರಿಗೂ ಗೊತ್ತಿರುವ ಮಾತು. ನೋಟಿನ ಕಟ್ಟುಗಳನ್ನು ಎರಡು ಸಲ ಎಣಿಸಿಯಾಗಿತ್ತು. ಮೇಡಂ ಕ್ಯಾಬಿನ್ನಿಂದ ಎದ್ದು ಬಂದು ಅವಳ ಪಕ್ಕದ ಸ್ಟೂಲಿನಲ್ಲಿ ಕೂತರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಇನ್ನು ನೋಟು ಎಣಿಸುವುದು ಬೇಡ ಮಾರಾಯ್ತಿ, ವ್ಯತ್ಯಾಸ ಒಂಬತ್ತರಿಂದ ಭಾಗ ಆಗ್ತದಾ ನೋಡು’ ಅಂದರು. ಭಾಗ ಆಯಿತು, 4,500 ಬಂತು. ವ್ಯತ್ಯಾಸ ಒಂಬತ್ತರಿಂದ ಸರಿಯಾಗಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು, ಇಲ್ಲವೇ ಒಂದು ಸೊನ್ನೆ ಜಾಸ್ತಿಯೋ ಕಡಿಮೆಯೋ ಬಿದ್ದಿರಬಹುದು ಅನ್ನುವುದು ಹಳೆಯ ಲೆಕ್ಕದವರ ಉಪಾಯ. ‘ಹಾಗಾದ್ರೆ 4,500ರ ಚೀಟಿ ಹುಡುಕು’ ಅಂದರು. ಪಿಗ್ಮಿ ಕಲೆಕ್ಷನ್ನಿನವರು ಕಟ್ಟಿದ 4,500 ರೂಪಾಯಿಯ ಚೀಟಿ ಸಿಕ್ಕಿತು, ಕಂಪ್ಯೂಟರಿನಲ್ಲಿ ಅದು 45,000 ಅಂತ ಕೂತಿತ್ತು. ಉಡುಪಿಯಲ್ಲೇ 1928ರಲ್ಲಿ ಶುರುವಾದ ಪಿಗ್ಮಿ ಪದ್ಧತಿ ಇವತ್ತಿಗೂ ನಮ್ಮ ಕಡೆಯ ಸಂಘಗಳಲ್ಲಿ ದಿನದ ಅನ್ನ. ದಿನವೂ ಅಷ್ಟೊಂದು ಸಣ್ಣ ಮೊತ್ತಗಳು ಬರುವಾಗ ಒಂದು ಸೊನ್ನೆ ಕಣ್ಣು ತಪ್ಪಿಸುವುದು ದೊಡ್ಡ ವಿಷಯ ಅಲ್ಲ. ಆದರೆ ಹುಡುಕಲು ದಾರಿ ಗೊತ್ತಿರಬೇಕು. ಮೇಡಂ ಆ ದಾರಿ ತೋರಿಸಿದರು, ತಿದ್ದುಪಡಿ ವೋಚರಿಗೆ ಸಹಿ ಹಾಕಿದರು, ಮರುದಿನ ಆ ವಿಷಯ ಯಾರ ಎದುರೂ ಎತ್ತಲಿಲ್ಲ.

‘ಇದನ್ನೇ ಬರೆ’ ಅಂದೆ. ‘ಇಷ್ಟು ಸಣ್ಣ ವಿಷಯವಾ?’ ಅಂತ ಕೇಳಿದಳು. ಹೌದು, ಇಷ್ಟು ಸಣ್ಣದೇ ಬೇಕು. ಸ್ಫೂರ್ತಿಯ ಚಿಲುಮೆ ಅಂದರೆ ಮೇಡಂ ಒಮ್ಮೆ ನಕ್ಕು ಮುಂದಿನ ಮೆಸೇಜಿಗೆ ಹೋಗುತ್ತಾರೆ. ಒಂಬತ್ತರ ಲೆಕ್ಕ ಅಂದರೆ ಆ ಸಂಜೆ ಅವರಿಗೂ ನೆನಪಾಗುತ್ತದೆ, ತಾನು ಕಲಿಸಿದ್ದು ಒಬ್ಬಳ ತಲೆಯಲ್ಲಿ ಉಳಿದಿದೆ ಅಂತ ಗೊತ್ತಾಗುತ್ತದೆ. ಮೇಲಿನವರಿಗೆ ಬರೆಯುವ ಹಾರೈಕೆಯಲ್ಲಿ ಬಿಸುಪು ಬರುವುದು ಇಂಥ ಒಂದು ನೆನಪಿನಿಂದ. ಅದೂ ಕೆಲಸದ ನೆನಪೇ ಆಗಬೇಕು, ಯಾಕೆಂದರೆ ನಿಮ್ಮಿಬ್ಬರ ನಡುವೆ ಇರುವುದು ಕೆಲಸ. ಕೆಲಸದ ಒಳಗೇ ನಿಂತು ಎಷ್ಟು ಆತ್ಮೀಯವಾಗಿ ಬರೆದರೂ ಅದು ಸಲುಗೆ ಆಗುವುದಿಲ್ಲ. ಅವರ ಮನೆ, ಮಕ್ಕಳು, ಆರೋಗ್ಯ, ಸೀರೆ ಅಂತ ಹೊರಗೆ ಕಾಲಿಟ್ಟ ಕೂಡಲೇ ಅದೇ ಮಾತು ಅತಿ ಅನಿಸತೊಡಗುತ್ತದೆ.

ನೆನಪು ಆರಿಸುವಾಗಲೂ ಸ್ವಲ್ಪ ನೋಡಬೇಕು. ಅವರು ನಿಮಗಾಗಿ ನಿಯಮ ಸಡಿಲಿಸಿದ್ದನ್ನು ಬರೆಯಬಾರದು. ಮುಂಚೆ ಹೇಳದೆ ಹಾಕಿದ ರಜೆಯನ್ನು ಮಂಜೂರು ಮಾಡಿದ್ದರು ಅಂತಿಟ್ಟುಕೊಳ್ಳಿ, ಅದು ನಿಮಗೆ ಉಪಕಾರ, ಅವರಿಗೆ ಬರಹದಲ್ಲಿ ಇರಬಾರದ ವಿಷಯ. ಅವರು ಕಷ್ಟದಲ್ಲಿದ್ದ ದಿನವನ್ನೂ ಬರೆಯಬಾರದು. ಇನ್‌ಸ್ಪೆಕ್ಷನ್ನಿನವರ ಎದುರು ಅವರು ಎಷ್ಟು ತಾಳ್ಮೆಯಿಂದ ಇದ್ದರು ಅಂತ ನೀವು ಮೆಚ್ಚಿ ಬರೆದರೂ, ಆ ದಿನ ನೆನಪಾಗುವುದು ಅವರಿಗೆ ಬೇಡವಾಗಿರಬಹುದು. ಅವರು ಏನೋ ಕಲಿಸಿದ್ದು, ಏನೋ ನ್ಯಾಯವಾಗಿ ಮಾಡಿದ್ದು, ಯಾರಿಗೋ ಸಮಯ ಕೊಟ್ಟದ್ದು, ಇವು ಯಾವಾಗಲೂ ನಡೆಯುತ್ತವೆ.

ಹಾರೈಸುವವರ ವಯಸ್ಸು

ಹುಡುಗಿಯ ಕರಡಿನಲ್ಲಿ ನನಗೆ ಎದ್ದು ಕಂಡದ್ದು ‘ನೂರು ವರ್ಷ ಸುಖವಾಗಿ ಬಾಳಿ’ ಅನ್ನುವ ಸಾಲು. ನಮ್ಮಲ್ಲಿ ಈ ಮಾತು ಸಾಮಾನ್ಯವಾಗಿ ಬರುವುದು ಅಜ್ಜಿಯ ಬಾಯಿಂದ. ಕಾಲಿಗೆ ಬಿದ್ದ ಮೊಮ್ಮಗನ ತಲೆ ಮುಟ್ಟಿ ಹೇಳುವ ಮಾತು. ಇಪ್ಪತ್ತರ ಆಸುಪಾಸಿನ ಹುಡುಗಿ ನಿವೃತ್ತಿಗೆ ಹತ್ತಿರ ಇರುವ ಮೇಡಂಗೆ ‘ಬಾಳಿ’ ಅಂದರೆ ಅರ್ಥ ಕೆಡುವುದಿಲ್ಲ, ಆದರೆ ಕೂತುಕೊಳ್ಳುವ ಜಾಗ ಅದಲುಬದಲಾಗುತ್ತದೆ. ಕಿರಿಯರು ಹಿರಿಯರಿಗೆ ಒಳ್ಳೆಯದನ್ನು ಬಯಸುವಾಗ ನಮ್ಮ ಭಾಷೆಯಲ್ಲಿ ದಾರಿ ಸ್ವಲ್ಪ ಸುತ್ತು. ‘ನಿಮಗೆ ಒಳ್ಳೆಯ ಆರೋಗ್ಯ ಸಿಗಲಿ’, ‘ದೇವರು ನಿಮಗೆ ನೆಮ್ಮದಿ ಕೊಡಲಿ’. ಇಲ್ಲಿ ಕೊಡುವವರು ನಾವಲ್ಲ, ನಾವು ಪಕ್ಕದಲ್ಲಿ ನಿಂತು ಬೇಡಿಕೊಳ್ಳುವವರು. ‘ಇರಿ, ಬಾಳಿ’ ಅನ್ನುವ ಕಡೆ ‘ಇರಲಿ, ಸಿಗಲಿ’ ಅಂತ ಬರೆದರೆ ಸಾಕು, ಗೌರವಕ್ಕೆ ಬೇರೆ ವಿಶೇಷಣ ಬೇಕಾಗುವುದಿಲ್ಲ.

ಇದು ತಿರುಗಾಮುರುಗಾ ಆಗುವ ಸಂದರ್ಭವೂ ಇದೆ. ಈಗ ಮೂವತ್ತರ ಆಸುಪಾಸಿನವರು ಮ್ಯಾನೇಜರ್ ಆಗಿ ಬರುತ್ತಾರೆ, ಅವರ ಕೆಳಗೆ ಅವರ ಅಪ್ಪನ ವಯಸ್ಸಿನ ಅಟೆಂಡರ್ ಇರುತ್ತಾರೆ. ಮಂಗಳೂರಿನ ಒಂದು ಶಾಖೆಗೆ ನಾನು ಕೆಲಸದ ಮೇಲೆ ಹೋಗಿದ್ದಾಗ ಅಲ್ಲಿನ ಸಣ್ಣ ವಯಸ್ಸಿನ ಮ್ಯಾನೇಜರ್ ಹುಟ್ಟುಹಬ್ಬ ಇತ್ತು. ಘಟ್ಟದ ಮೇಲಿನವರು, ಬಂದು ಕೆಲವೇ ತಿಂಗಳಾಗಿತ್ತು. ಸ್ಟಾಫ್ ಊಟದ ಟೇಬಲ್ಲಿನ ಮೇಲೆ ಕೇಕ್ ಇಟ್ಟು ಕತ್ತರಿಸಿದರು. ಒಬ್ಬರು ‘ಸರ್, ಎಷ್ಟಾಯ್ತು ಈಗ?’ ಅಂತ ವಯಸ್ಸು ಕೇಳಿದರು, ಇನ್ನೊಬ್ಬರು ‘ಮದುವೆ ಊಟ ಯಾವಾಗ?’ ಅಂತ ಕೇಳಿದರು. ಪಾಪ, ಅವರು ಕೇಕಿನ ಪ್ಲೇಟು ಹಿಡಿದು ಎಲ್ಲರಿಗೂ ನಗುತ್ತಾ ನಿಂತಿದ್ದರು. ಕೊನೆಗೆ ಆ ಅಟೆಂಡರ್ ಹತ್ತಿರ ಬಂದು ಎರಡು ಕೈ ಜೋಡಿಸಿ ‘ಎಡ್ಡೆ ಆವಡ್ ಸರ್’ ಅಂದರು. ಅವರಿಗೆ ತುಳು ಅರ್ಥ ಆಗಲಿಲ್ಲ ಅಂತ ಕಂಡಿತೋ ಏನೋ, ಕೂಡಲೇ ‘ಒಳ್ಳೇದಾಗಲಿ’ ಅಂತ ಸೇರಿಸಿದರು. ಅಷ್ಟೇ. ಹಿರಿಯರ ಹರಕೆಯೂ ಅದರಲ್ಲಿತ್ತು, ಸರ್ ಅನ್ನುವ ಮರ್ಯಾದೆಯೂ ಇತ್ತು. ಮ್ಯಾನೇಜರ್ ಪ್ಲೇಟು ಕೆಳಗಿಟ್ಟು ಅವರಿಗೂ ಕೈ ಮುಗಿದರು. ವಯಸ್ಸಿನಲ್ಲಿ ದೊಡ್ಡವರು ಹುದ್ದೆಯಲ್ಲಿ ದೊಡ್ಡವರಿಗೆ ಹಾರೈಸಲು ಇದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ.

ಸಂಬೋಧನೆಯ ವಿಷಯದಲ್ಲಿ ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ, ಮಾಮ. ಬಸ್ಸಿನ ಕಂಡಕ್ಟರೂ ಅಣ್ಣ, ಮೀನು ಮಾರುವವರೂ ಅಕ್ಕ. ಮೇಡಂ ಹುಡುಗಿಗೆ ‘ಮಾರಾಯ್ತಿ’ ಅಂದದ್ದು ಪ್ರೀತಿಯಿಂದಲೇ. ಆದರೆ ಮೇಲಿನಿಂದ ಕೆಳಗೆ ಬಂದ ಸಲುಗೆಯನ್ನು ಹಾಗೇ ವಾಪಸು ಕೊಡಲು ಆಗುವುದಿಲ್ಲ. ಅವರು ‘ಮಾರಾಯ್ತಿ’ ಅಂದರೂ ನಾವು ‘ಮೇಡಂ’ ಅಂತಲೇ ಅನ್ನಬೇಕು, ಅದರಲ್ಲಿ ದೂರ ಏನೂ ಇಲ್ಲ. ‘ನೀವು ನನಗೆ ಅಮ್ಮನ ಹಾಗೆ’ ಅನ್ನುವುದನ್ನು ತೆಗೆಸಿದ್ದೂ ಅದಕ್ಕೇ. ಅಮ್ಮ ಅಂತ ಕರೆದ ಮೇಲೆ ನಾಳೆ ಅವರು ಒಂದು ಮೆಮೋ ಕೊಡಬೇಕಾಗಿ ಬಂದರೆ ಇಬ್ಬರಿಗೂ ಕಷ್ಟ. ಜೊತೆಗೆ, ಮೇಡಂ ತನ್ನನ್ನು ಅಷ್ಟು ಹಿರಿಯಳು ಅಂದುಕೊಂಡಿರಬೇಕು ಅಂತಲೂ ಇಲ್ಲವಲ್ಲ. ‘ಪ್ರೀತಿಯ ಮೇಡಂ’ ಕೂಡ ನನಗೆ ಹಿಡಿಸಲಿಲ್ಲ. ನಾವು ಮಾತಿನಲ್ಲಿ ಯಾರನ್ನೂ ಹಾಗೆ ಕರೆಯುವುದಿಲ್ಲ. ‘ಮೇಡಂ, ನಮಸ್ಕಾರ’ ಅಂದರೆ ಎದುರು ನಿಂತು ಮಾತಾಡಿದ ಹಾಗೆ ಆಗುತ್ತದೆ. ಇನ್ನು ‘ತಾವು’. ಪತ್ರದಲ್ಲಿ ಸರಿ, ಆಹ್ವಾನ ಪತ್ರಿಕೆಯಲ್ಲಿ ಸರಿ, ದಿನಾ ‘ನೀವು’ ಅನ್ನುವವರಿಗೆ ಹುಟ್ಟುಹಬ್ಬದ ಒಂದು ದಿನ ಮಾತ್ರ ‘ತಾವು’ ಅಂದರೆ ಯಕ್ಷಗಾನದ ವೇಷ ಕಟ್ಟಿ ಆಫೀಸಿಗೆ ಬಂದ ಹಾಗಾಗುತ್ತದೆ. ಕರಡಿನಲ್ಲಂತೂ ‘ತಾವು’ ಅಂತ ಶುರುವಾದದ್ದು ನಡುವೆ ‘ನೀವು’ ಆಗಿತ್ತು. ನಕಲು ಮಾಡಿದ್ದು ಎಲ್ಲಿಗೆ ಮುಗಿದು ಸ್ವಂತದ್ದು ಎಲ್ಲಿ ಶುರುವಾಯಿತು ಅಂತ ಅದರಿಂದಲೇ ಗೊತ್ತಾಗುತ್ತದೆ.

ಯಾವ ದೇವರು, ಯಾವ ದಿನ

ನಮ್ಮೂರಿನಲ್ಲಿ ಹಾರೈಕೆ ಅಂದರೆ ದೇವರ ಹೆಸರು ಬಂದೇ ಬರುತ್ತದೆ. ಕಟೀಲಿನ ಅಮ್ಮನ ಅನುಗ್ರಹ ಇರಲಿ, ಕೊಲ್ಲೂರು ಮೂಕಾಂಬಿಕೆ ಕಾಪಾಡಲಿ, ಉಡುಪಿ ಕೃಷ್ಣ ಒಳ್ಳೆಯದು ಮಾಡಲಿ. ಸ್ನೇಹಿತರಿಗೆ ಇದು ಬಹಳ ಚಂದದ ಮಾತು. ಮೇಲಧಿಕಾರಿಗೆ ಬರೆಯುವಾಗ ನನ್ನ ಅಭಿಪ್ರಾಯ ಬೇರೆ. ಒಂದೇ ಆಫೀಸಿನಲ್ಲಿ ದೇವಸ್ಥಾನಕ್ಕೆ ಹೋಗುವವರು, ಇಗರ್ಜಿಗೆ ಹೋಗುವವರು, ಮಸೀದಿಗೆ ಹೋಗುವವರು, ಬಸದಿಗೆ ಹೋಗುವವರು ಇರುವ ಊರು ಇದು. ನಿಮ್ಮ ಮನೆದೇವರ ಹೆಸರು ಹಾಕಿದರೆ ಅದು ನಿಮ್ಮ ಭಕ್ತಿಯ ಬಗ್ಗೆ ಹೇಳುತ್ತದೆ. ಅವರ ಮನೆದೇವರ ಹೆಸರನ್ನು ಊಹಿಸಿ ಹಾಕಿದರೆ ಅವರ ಜಾತಿ, ಊರು ನೀವು ಲೆಕ್ಕ ಹಾಕಿದ್ದೀರಿ ಅಂತ ಹೇಳುತ್ತದೆ. ಸುಮ್ನೆ ‘ದೇವರು’ ಅನ್ನಿ, ಎಲ್ಲರಿಗೂ ಹೊಂದುತ್ತದೆ. ಅವರೇ ನಿಮ್ಮ ಹತ್ತಿರ ತಾನು ಪ್ರತಿ ವರ್ಷ ಕೊಲ್ಲೂರಿಗೆ ಹೋಗುತ್ತೇನೆ ಅಂತ ಹೇಳಿದ್ದರೆ ಮಾತ್ರ ಮೂಕಾಂಬಿಕೆಯನ್ನು ನೆನೆಯಬಹುದು.

ದಿನದ ವಿಷಯವೂ ಅಷ್ಟು ಸರಳ ಅಲ್ಲ. ಸಿಬ್ಬಂದಿ ಪಟ್ಟಿಯಲ್ಲಿರುವ ಹುಟ್ಟಿದ ತಾರೀಕು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರ್ ಬರೆದದ್ದು ಆಗಿರಬಹುದು. ಈಗ ಐವತ್ತು ದಾಟಿದವರಲ್ಲಿ ಇದು ಎಷ್ಟೋ ಜನರ ಕತೆ. ಅವರ ಮನೆಯಲ್ಲಿ ಹುಟ್ಟುಹಬ್ಬ ಅಂದರೆ ಜನ್ಮನಕ್ಷತ್ರದ ದಿನ, ಅದು ಬೇರೆಯೇ ತಾರೀಕಿಗೆ ಬರುತ್ತದೆ. ದಾಖಲೆಯ ದಿನ ಹಾರೈಸಿದರೆ ತಪ್ಪೇನಿಲ್ಲ, ಆದರೆ ಆ ದಿನ ಬೆಳಿಗ್ಗೆ ‘ದೇವಸ್ಥಾನಕ್ಕೆ ಹೋಗಿ ಬಂದ್ರಾ ಮೇಡಂ, ಮನೆಯಲ್ಲಿ ಪಾಯಸವಾ?’ ಅಂತ ಕೇಳಬೇಡಿ. ಇನ್ನೂ ಮುಖ್ಯ ಅಂದರೆ ಈ ತಾರೀಕೇ ನಿವೃತ್ತಿಯ ತಿಂಗಳನ್ನೂ ನಿರ್ಧರಿಸುತ್ತದೆ. ಐವತ್ತೊಂಬತ್ತು ತುಂಬಿದವರಿಗೆ ‘ಇನ್ನೂ ಹಲವು ವರ್ಷ ನಮ್ಮನ್ನು ಮುನ್ನಡೆಸಿ’ ಅಂತ ಬರೆದರೆ, ಉಳಿದಿರುವುದು ಒಂದೇ ವರ್ಷ ಅಂತ ನೀವೇ ನೆನಪು ಮಾಡಿಕೊಟ್ಟ ಹಾಗೆ. ವಯಸ್ಸು, ಸರ್ವೀಸು, ಮುಂದಿನ ಪ್ರಮೋಷನ್, ಈ ಮೂರನ್ನೂ ಬಿಟ್ಟು ಬರೆಯುವುದು ಒಳ್ಳೆಯದು.

ಕೊನೆಗೆ ಕಳಿಸಿದ್ದು

ಕರಡಿನ ಕೊನೆಯ ಸಾಲಿನ ಬಗ್ಗೆ ಹೇಳಲೇಬೇಕು. ‘ನಿಮ್ಮ ಆಶೀರ್ವಾದ ಮತ್ತು ಸಹಕಾರ ಸದಾ ನನ್ನ ಮೇಲಿರಲಿ.’ ನಾವು ಎಲ್ಲರೂ ಕೈ ಅಭ್ಯಾಸಕ್ಕೆ ಇದನ್ನು ಬರೆಯುತ್ತೇವೆ, ಬೀಳ್ಕೊಡುಗೆಗೆ, ಗೃಹಪ್ರವೇಶಕ್ಕೆ, ಎಲ್ಲದಕ್ಕೂ. ಆದರೆ ಹುಟ್ಟುಹಬ್ಬ ಅವರದ್ದು. ಅವರಿಗೆ ಏನೋ ಬಯಸಲು ಶುರು ಮಾಡಿ ಕೊನೆಗೆ ನಮಗೆ ಏನೋ ಬೇಡಿ ಮುಗಿಸಿದರೆ ಇಡೀ ಹಾರೈಕೆ ಅರ್ಜಿಯಾಗುತ್ತದೆ. ಇಂಕ್ರಿಮೆಂಟು, ವರ್ಗಾವಣೆ ಹತ್ತಿರ ಇರುವ ತಿಂಗಳಾದರೆ ಕೇಳುವುದೇ ಬೇಡ, ಹಿಂದಿನ ಸಾಲುಗಳ ಪ್ರಾಮಾಣಿಕತೆಯೂ ಹೋಯಿತು. ಅದನ್ನು ಪೂರ್ತಿ ತೆಗೆದೆವು.

ಅವಳು ಎರಡು ಬರೆದಳು. ಗ್ರೂಪಿಗೆ ಒಂದು: ‘ಮೇಡಂಗೆ ಹುಟ್ಟುಹಬ್ಬದ ಶುಭಾಶಯಗಳು. ಆರೋಗ್ಯ, ನೆಮ್ಮದಿ ಸದಾ ಇರಲಿ.’ ಗ್ರೂಪಿನಲ್ಲಿ ಅಷ್ಟು ಸಾಕು. ಎಲ್ಲರ ಎದುರು ಉದ್ದ ಬರೆದರೆ ಓದುವವರು ಮೇಡಂ ಮಾತ್ರ ಅಲ್ಲ. ಕೆಳಗೆ ಸಣ್ಣದಾಗಿ ಬರೆದವರಿಗೆ ಅದು ಪೈಪೋಟಿ ಅನಿಸುತ್ತದೆ, ಮೇಡಂಗೂ ಒಬ್ಬಳಿಗೆ ಮಾತ್ರ ಬೇರೆ ಉತ್ತರ ಕೊಡಬೇಕಾದ ಮುಜುಗರ. ಅಲ್ಲಿ ತುಳು ಬರದವರು ಒಬ್ಬರಿದ್ದರೂ ಕನ್ನಡದಲ್ಲೇ ಬರೆಯುವುದು ಸರಿ, ಮ್ಯಾನೇಜರೇ ಆ ಒಬ್ಬರಾದರೆ ಹೇಳುವುದೇನಿದೆ.

ಖಾಸಗಿಯಾಗಿ ಮೇಡಂಗೆ ಕಳಿಸಿದ್ದು ಇದು:

‘ಮೇಡಂ, ನಮಸ್ಕಾರ. ಹುಟ್ಟುಹಬ್ಬದ ಶುಭಾಶಯಗಳು. ಕ್ಯಾಶ್ ಟ್ಯಾಲಿ ಆಗದ ದಿನ ನೀವು ಪಕ್ಕದಲ್ಲಿ ಕೂತು ಒಂಬತ್ತರ ಲೆಕ್ಕ ಹೇಳಿಕೊಟ್ಟಿರಿ. ಈಗ ವ್ಯತ್ಯಾಸ ಬಂದರೆ ಹೆದರದೆ ಮೊದಲು ಅದನ್ನೇ ನೋಡುತ್ತೇನೆ. ದೇವರು ನಿಮಗೆ ಒಳ್ಳೆಯ ಆರೋಗ್ಯ, ನೆಮ್ಮದಿ ಕೊಡಲಿ.’

ಮೊದಲಿನ ಕರಡಿಗಿಂತ ಇದು ಚಿಕ್ಕದು. ಹೊಗಳಿಕೆಯ ಒಂದು ಪದವೂ ಇಲ್ಲ, ‘ಪ್ರೀತಿ’ ಇಲ್ಲ, ‘ಪುಣ್ಯ’ ಇಲ್ಲ. ಶುಭಾಶಯದ ನಂತರದ ಸಾಲು ಅವರು ಮಾಡಿದ್ದು, ಅದರ ಮುಂದಿನ ಸಾಲು ಅದರಿಂದ ಇವಳಿಗೆ ಆದದ್ದು. ಇವಳು ಬಯಸಿದರೆ ‘ನೀವು ಒಳ್ಳೆಯ ಮ್ಯಾನೇಜರ್’ ಅಂತ ಇನ್ನೊಂದು ಸಾಲು ಸೇರಿಸಬಹುದಿತ್ತು. ಆದರೆ ಕೆಳಗಿನವರು ಮೇಲಿನವರಿಗೆ ಒಳ್ಳೆಯವರು ಅಂತ ಸರ್ಟಿಫಿಕೇಟ್ ಕೊಡುವುದು ಯಾವಾಗಲೂ ಸ್ವಲ್ಪ ಇರುಸುಮುರುಸು. ನಡೆದದ್ದನ್ನು ಹೇಳಿದರೆ ಒಳ್ಳೆಯವರು ಅನ್ನುವುದು ಅದರಲ್ಲೇ ಬಂತು.

ಕಳಿಸುವ ಹೊತ್ತನ್ನೂ ಅವಳು ಕೇಳಿದಳು. ರಾತ್ರಿ ಹನ್ನೆರಡಕ್ಕೆ ಬೇಡ, ಅದು ಗೆಳೆಯರ ಹೊತ್ತು, ಮೊಬೈಲು ಸದ್ದು ಮಾಡಿ ಮನೆಯವರೆಲ್ಲ ಏಳಬಾರದು. ಬೆಳಿಗ್ಗೆ ಮನೆಯ ಗಡಿಬಿಡಿ ಕಳೆದು, ಶಾಖೆ ತೆರೆಯುವುದಕ್ಕೆ ಸ್ವಲ್ಪ ಮೊದಲು ಸರಿಯಾದ ಹೊತ್ತು. ಕೌಂಟರ್ ಶುರುವಾದ ಮೇಲೆ ಕಳಿಸಿದರೆ ಕೆಲಸದ ಮೆಸೇಜುಗಳ ನಡುವೆ ಅದೂ ಒಂದಾಗುತ್ತದೆ. ಎದುರು ಸಿಕ್ಕಾಗ ಒಂದು ಸಲ ಬಾಯಲ್ಲಿ ‘ಶುಭಾಶಯ ಮೇಡಂ’ ಅಂದರೆ ಸಾಕು. ಕಾಲಿಗೆ ಬೀಳುವುದು, ಕೈ ಹಿಡಿಯುವುದು, ಸೆಲ್ಫಿ, ಇವೆಲ್ಲ ಅವರಾಗಿ ಕರೆದರೆ ಮಾತ್ರ.

ಮೇಡಂ ಹತ್ತು ಗಂಟೆಗೆ ಮುಂಚೆಯೇ ಉತ್ತರ ಹಾಕಿದ್ದರು. ‘ನೆನಪಿಟ್ಟುಕೊಂಡಿದ್ದೀಯ, ಸಂತೋಷ ಆಯ್ತು. ಎಣಿಸುವಾಗ ಅವಸರ ಮಾಡಬೇಡ.’ ಹುಡುಗಿಗೆ ಇದಕ್ಕೆ ಮತ್ತೊಂದು ಉದ್ದ ಉತ್ತರ ಬರೆಯುವ ಆಸೆ. ಬೇಡ, ಕೈ ಮುಗಿದ ಚಿತ್ರ ಒಂದು ಹಾಕಿ ನಿಲ್ಲಿಸು ಅಂದೆ. ಮುಂದಿನ ವಾರ ಅಕ್ಕನ ಮದುವೆಗೆ ಅವಳಿಗೆ ಮೂರು ದಿನ ರಜೆ ಬೇಕಿತ್ತು. ಅದನ್ನು ಆ ಚಾಟಿನಲ್ಲಿ ಕೇಳದೆ, ಎರಡು ದಿನ ಬಿಟ್ಟು ರಜೆ ಅರ್ಜಿ ಬರೆದುಕೊಂಡು ಕ್ಯಾಬಿನ್ನಿಗೆ ಹೋಗಿ ಕೇಳಿದಳು.